ಬಸ್ಸಿನಲ್ಲಿ, ಸಿಗ್ನಲ್‌ನಲ್ಲಿ, ಟ್ರಾಫಿಕ್‌ನಲ್ಲಿ

ನನ್ನ ಸಂಜೆ ತರಗತಿಗೆ ಇಂಗ್ಲಿಷ್ ಕಲಿಯಲು ಬರುವ ಹುಡುಗಿಯೊಬ್ಬಳು ಒಂದು ದಿನ ತಡವಾಗಿ ಬಂದಳು. ದಾರಿಯಲ್ಲೇ ಮೊಬೈಲ್‌ನಿಂದ ಸಂದೇಶ ಕಳಿಸಿದ್ದಳು: ‘ಐ ಆ್ಯಮ್ ಇನ್ ಬಸ್, ಸ್ಟಕ್ ಇನ್ ಟ್ರಾಫಿಕ್, ಇನ್ ಸಿಲ್ಕ್ ಬೋರ್ಡ್ ಸಿಗ್ನಲ್.’ ವಿಷಯವೇನೋ ಸಲೀಸಾಗಿ ಅರ್ಥವಾಯಿತು. ಆದರೆ ಇಂಗ್ಲಿಷ್ ಮನೆಮಾತಾಗಿರುವವರು ಇದನ್ನೇ ಹೇಳುವಾಗ ಮೂರು ಕಡೆ ಮೂರು ಬೇರೆ ಪದ ಬಳಸುತ್ತಾರೆ. ಆನ್ ದ ಬಸ್, ಇನ್ ಟ್ರಾಫಿಕ್, ಆ್ಯಟ್ ದ ಸಿಗ್ನಲ್.

ಅವಳ ತಪ್ಪಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕನ್ನಡದಲ್ಲಿ ಅವಳು ಯೋಚಿಸಿದ್ದು ಹೀಗೆ: ‘ಬಸ್ಸಿನಲ್ಲಿದೀನಿ, ಸಿಗ್ನಲ್‌ನಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡಿದೀನಿ.’ ಮೂರು ಕಡೆಯೂ ಅದೇ ‘ಅಲ್ಲಿ’. ನಮ್ಮ ಸಪ್ತಮಿ ವಿಭಕ್ತಿ ಇಷ್ಟೊಂದು ಉದಾರಿ. ನೀರಿನಲ್ಲಿ ಮೀನು, ತಟ್ಟೆಯಲ್ಲಿ ಅನ್ನ, ಬಾಗಿಲಲ್ಲಿ ಅತಿಥಿ, ಎಲ್ಲಕ್ಕೂ ಅದು ಸಾಕು. ಮೂರನ್ನೂ ಇಂಗ್ಲಿಷಿಗೆ ತಂದರೆ ಕ್ರಮವಾಗಿ ಇನ್, ಆನ್, ಆ್ಯಟ್ ಆಗುತ್ತದೆ. ಶಾಲೆಯಲ್ಲಿ ‘ಅಲ್ಲಿ ಅಂದರೆ ಇನ್’ ಎಂದು ಕಲಿತವರು ಜೀವನಪೂರ್ತಿ ಇನ್ ಅನ್ನೇ ಹಾಕುತ್ತಾ ಹೋಗುತ್ತಾರೆ.

ನಾನು ಕೆಲವು ವರ್ಷ ಪಟ್ಟಿ ಕೊಟ್ಟು ಪಾಠ ಮಾಡಿದೆ. ವಾರದ ದಿನಗಳಿಗೆ ಆನ್, ತಿಂಗಳಿಗೆ ಇನ್, ಗಂಟೆಗೆ ಆ್ಯಟ್, ಬಾಯಿಪಾಠ ಮಾಡಿ ಎಂದೆ. ಪರೀಕ್ಷೆಯ ದಿನದವರೆಗೆ ಪಟ್ಟಿ ನೆನಪಿರುತ್ತಿತ್ತು, ಮಾತಾಡುವಾಗ ಇರುತ್ತಿರಲಿಲ್ಲ. ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಕಾಲದ ವಿಷಯದಲ್ಲಿ ಕನ್ನಡವೇ ಈ ಮೂರನ್ನು ಬೇರೆ ಬೇರೆ ಇಟ್ಟಿದೆ. ಜಾಗದ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದೆ. ಹಾಗಾಗಿ ಕಾಲಕ್ಕೆ ಕನ್ನಡವನ್ನು ನಂಬಬಹುದು, ಜಾಗಕ್ಕೆ ನಂಬುವಂತಿಲ್ಲ.

ಕಾಲದಿಂದಲೇ ಶುರು ಮಾಡೋಣ. ಈ ಮೂರು ಮಾತು ನೋಡಿ: ‘1973ರಲ್ಲಿ’, ‘ನವೆಂಬರ್ 1ರಂದು’, ‘ಹತ್ತು ಗಂಟೆಗೆ’. ಯಾವ ಕನ್ನಡಿಗನೂ ‘ಹತ್ತು ಗಂಟೆಯಂದು’ ಎನ್ನುವುದಿಲ್ಲ, ‘1973ರಂದು’ ಎಂದೂ ಬರೆಯುವುದಿಲ್ಲ. ಯಾರೂ ಕಲಿಸದೆ ನಮಗೆ ಇದು ಗೊತ್ತು. ಇಂಗ್ಲಿಷ್ ಇಲ್ಲಿ ಹೇಳುವುದು ಇನ್ 1973, ಆನ್ ನವೆಂಬರ್ 1, ಆ್ಯಟ್ ಟೆನ್. ‘ಅಲ್ಲಿ’ ಬಂದ ಕಡೆ ಇನ್, ‘ಅಂದು’ ಬಂದ ಕಡೆ ಆನ್, ‘ಗೆ’ ಅಥವಾ ‘ಕ್ಕೆ’ ಬಂದ ಕಡೆ ಆ್ಯಟ್.

ಇದು ಬರೀ ಕಾಕತಾಳೀಯವಲ್ಲ. ಎರಡು ಭಾಷೆಯೂ ಕಾಲವನ್ನು ಮೂರು ಬಗೆಯಾಗಿ ನೋಡುತ್ತಿವೆ. ವರ್ಷ, ತಿಂಗಳು, ಮಳೆಗಾಲ, ಶತಮಾನ ಇವೆಲ್ಲ ಉದ್ದನೆಯ ಅವಧಿಗಳು. ನಡೆದ ಸಂಗತಿ ಅವುಗಳ ಒಡಲೊಳಗೆ ಎಲ್ಲೋ ಒಂದು ಕಡೆ ಇದೆ. ಪೆಟ್ಟಿಗೆಯೊಳಗೆ ಸಾಮಾನು ಇದ್ದಂತೆ. ಹಳಗನ್ನಡದಲ್ಲಿ ಸಪ್ತಮಿಯ ಪ್ರತ್ಯಯವೇ ‘ಒಳ್’ ಆಗಿತ್ತು, ಕೇಶಿರಾಜ ತನ್ನ ವ್ಯಾಕರಣದಲ್ಲಿ ಅದನ್ನೇ ಹೇಳುತ್ತಾನೆ. ‘ಒಳ್’ ಎಂದರೆ ಒಳಗೆ. ಇನ್ ಎಂಬುದರ ಜೀವವೂ ಅದೇ. ಇನ್ನು ‘ಅಂದು’ ಎಂದರೆ ‘ಆ ದಿನ’ ಎಂದೇ ಅರ್ಥ. ‘ಒಂದರಂದು’ ಎಂದಾಗ ದಿನ ಎಂಬ ಮಾತು ಆ ಪದದೊಳಗೇ ಕೂತಿರುತ್ತದೆ. ಇಂಗ್ಲಿಷ್‌ನ ಆನ್ ಕೂಡ ಕಾಲದ ಮಟ್ಟಿಗೆ ಹೆಚ್ಚಾಗಿ ದಿನಕ್ಕೇ ಮೀಸಲು. ‘ಗೆ’ ಮಾತ್ರ ಬೊಟ್ಟು ಮಾಡಿ ತೋರಿಸುತ್ತದೆ, ಗಡಿಯಾರದ ಮುಳ್ಳು ನಿಂತ ಜಾಗವನ್ನು. ಆ್ಯಟ್‌ನ ಕೆಲಸವೂ ಅದೇ ಚುಕ್ಕಿ ಇಡುವುದು.

ಈ ಹೊಂದಿಕೆ ಎಷ್ಟು ದೂರ ಹೋಗುತ್ತದೆ ಎಂದು ಪರೀಕ್ಷಿಸಿ ನೋಡಿದಾಗ ನನಗೇ ಅಚ್ಚರಿಯಾಯಿತು. ಇಂಗ್ಲಿಷ್ ವ್ಯಾಕರಣದ ಪುಸ್ತಕಗಳಲ್ಲಿ ‘ಆ್ಯಟ್ ಕ್ರಿಸ್‌ಮಸ್’, ‘ಆನ್ ಕ್ರಿಸ್‌ಮಸ್ ಡೇ’ ಎಂಬ ಜೋಡಿಯನ್ನು ಗೊಂದಲದ ನಿಯಮ ಎಂಬಂತೆ ಕೊಟ್ಟಿರುತ್ತಾರೆ. ಕನ್ನಡಿಗರಿಗೆ ಅದರಲ್ಲಿ ಗೊಂದಲವೇ ಇಲ್ಲ. ‘ದೀಪಾವಳಿಗೆ ಊರಿಗೆ ಹೋಗ್ತೀನಿ’ ಎಂದಾಗ ಹಬ್ಬದ ಹೊತ್ತು ಎಂಬ ಒಂದು ಗುರುತು ಮನಸ್ಸಿನಲ್ಲಿರುತ್ತದೆ, ಎರಡು ದಿನ ಹಿಂದೆ ಮುಂದೆ ಆದರೂ ಸರಿ. ಅದು ಆ್ಯಟ್. ‘ದೀಪಾವಳಿಯಂದು ಮಳೆ ಬಂತು’ ಎಂದಾಗ ನಿರ್ದಿಷ್ಟ ದಿನ. ಅದು ಆನ್. ‘ಏಳನೇ ವಯಸ್ಸಿಗೆ ಶಾಲೆಗೆ ಸೇರಿದೆ’ ಎಂಬುದು ಆ್ಯಟ್ ದ ಏಜ್ ಆಫ್ ಸೆವೆನ್. ‘ಈ ಕ್ಷಣಕ್ಕೆ’ ಆ್ಯಟ್ ದ ಮೊಮೆಂಟ್. ‘ಮೊದಲಿಗೆ’ ಎಂಬುದು ಸಹ ಆ್ಯಟ್ ಫಸ್ಟ್.

ಇನ್ನೊಂದು ಉಪಕಾರವನ್ನೂ ಕನ್ನಡ ಮಾಡುತ್ತದೆ. ‘ನಾಳೆ ಬರ್ತೀನಿ’, ‘ಹೋದ ವರ್ಷ ಮದುವೆಯಾಯ್ತು’, ‘ಈ ತಿಂಗಳು ಕಷ್ಟ’ ಎನ್ನುವಾಗ ನಾವು ಪ್ರತ್ಯಯವನ್ನೇ ಹಚ್ಚುವುದಿಲ್ಲ. ಇಂಗ್ಲಿಷೂ ಹಚ್ಚುವುದಿಲ್ಲ. ಟುಮಾರೊ, ಲಾಸ್ಟ್ ಇಯರ್, ದಿಸ್ ಮಂತ್, ನೆಕ್ಸ್ಟ್ ಮಂಡೇ ಇವುಗಳ ಹಿಂದೆ ಏನೂ ಬೇಡ. ‘ಆನ್ ಟುಮಾರೊ’, ‘ಇನ್ ಲಾಸ್ಟ್ ಇಯರ್’ ಎಂದು ಬರೆಯುವವರು ಕನ್ನಡದಿಂದ ತಪ್ಪು ಮಾಡುತ್ತಿಲ್ಲ, ಬಾಯಿಪಾಠದ ಪಟ್ಟಿಯಿಂದ ಮಾಡುತ್ತಿದ್ದಾರೆ. ದಿನಕ್ಕೆ ಆನ್ ಎಂದು ಪಟ್ಟಿ ಹೇಳಿತು, ನಾಳೆ ಕೂಡ ಒಂದು ದಿನ ತಾನೆ ಎಂದು ಅವರು ತರ್ಕ ಮಾಡಿದರು. ಬರೀ ‘ಸೋಮವಾರ ಬರ್ತೀನಿ’ ಎನ್ನುವಲ್ಲಿ ಮಾತ್ರ ಒಂದು ಎಚ್ಚರ ಬೇಕು. ಕನ್ನಡದಲ್ಲಿ ‘ಅಂದು’ ಬಿಟ್ಟುಹೋಗಿದ್ದರೂ ಇಂಗ್ಲಿಷಿನಲ್ಲಿ ಆನ್ ಮಂಡೇ ಎಂದೇ ಬರೆಯಬೇಕು. ಅನುಮಾನವಿದ್ದರೆ ‘ಸೋಮವಾರದಂದು’ ಎಂದು ಹೇಳಿ ನೋಡಿ, ಕಿವಿ ಒಪ್ಪಿದರೆ ಆನ್ ಬೇಕು. ‘ನಾಳೆಯಂದು’ ಎನ್ನುವುದನ್ನು ಕಿವಿ ಒಪ್ಪುವುದಿಲ್ಲ.

ಈ ನಂಬಿಕೆ ಕೈಕೊಡುವ ಜಾಗಗಳೂ ಇವೆ, ಅವನ್ನು ಮುಚ್ಚಿಡಬಾರದು. ಮೊದಲನೆಯದು ದಿನದ ಹೊತ್ತುಗಳು. ಬೆಳಿಗ್ಗೆ, ಸಂಜೆ, ರಾತ್ರಿ ಎಂಬ ಮಾತುಗಳು ಯಾವ ಸುಳಿವೂ ಕೊಡುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ‘ಬೆಳಿಗ್ಗೆ’ ಎಂಬುದರ ಕೊನೆಗೆ ‘ಗೆ’ಯೇ ಕೂತು ದಾರಿ ತಪ್ಪಿಸುತ್ತದೆ. ಇಂಗ್ಲಿಷಿನಲ್ಲಿ ಇನ್ ದ ಮಾರ್ನಿಂಗ್, ಇನ್ ದ ಆಫ್ಟರ್‌ನೂನ್, ಇನ್ ದ ಈವ್ನಿಂಗ್, ಆದರೆ ಆ್ಯಟ್ ನೈಟ್. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ನೆನಪಿನ ಗಂಟು ಇದು: ಹಗಲಿನ ಹೊತ್ತುಗಳ ಒಳಗೆ ನಾವು ಓಡಾಡುತ್ತೇವೆ, ಕೆಲಸ ಮಾಡುತ್ತೇವೆ, ಹಾಗಾಗಿ ಅವಕ್ಕೆ ಒಳಗು ಉಂಟು. ರಾತ್ರಿಯಲ್ಲಿ ಮಲಗಿ ಏಳುತ್ತೇವೆ, ಅದು ಒಂದೇ ಮುದ್ದೆ. ಇದು ಭಾಷೆಯ ಚರಿತ್ರೆಯಲ್ಲ, ಮರೆಯದಿರಲು ಒಂದು ಉಪಾಯ ಅಷ್ಟೆ. ಆದರೆ ಇದರಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ರಾತ್ರಿ ನಡುವೆ ಎಚ್ಚರವಾಗಿ ಏನೋ ಸದ್ದು ಕೇಳಿದಿರಿ ಎನ್ನಿ. ಆಗ ರಾತ್ರಿಗೆ ಒಂದು ಒಳಗು ಬಂತು. ಇಂಗ್ಲಿಷಿನವರೂ ಆಗ ‘ಇನ್ ದ ನೈಟ್’ ಎನ್ನುತ್ತಾರೆ.

ಬೆಳಿಗ್ಗೆಯ ಜೊತೆ ದಿನದ ಹೆಸರು ಸೇರಿದ ಕೂಡಲೇ ದಿನವೇ ಗೆಲ್ಲುತ್ತದೆ. ಇನ್ ದ ಮಾರ್ನಿಂಗ್ ಇದ್ದದ್ದು ಆನ್ ಮಂಡೇ ಮಾರ್ನಿಂಗ್ ಆಗುತ್ತದೆ. ರಾತ್ರಿಗೂ ಇದೇ ಗತಿ, ಆನ್ ಸ್ಯಾಟರ್‌ಡೇ ನೈಟ್.

ಎರಡನೆಯ ಗುಂಡಿ ಗಡುವು. ‘ಸೋಮವಾರಕ್ಕೆ ಮುಗಿಸಿ ಕೊಡಿ’ ಎಂದು ಮೇಲಧಿಕಾರಿ ಹೇಳಿದರೆ ಅಲ್ಲಿ ‘ಕ್ಕೆ’ ಇದೆ, ಆದರೆ ಆ್ಯಟ್ ಮಂಡೇ ಎಂಬುದು ಇಂಗ್ಲಿಷೇ ಅಲ್ಲ. ಮಾತಿನ ಅರ್ಥ ಸೋಮವಾರದ ಹೊತ್ತಿಗೆ, ಅದಕ್ಕೆ ಮುಂಚೆಯಾದರೂ ಸರಿ ಎಂದು. ಅದಕ್ಕೆ ‘ಬೈ ಮಂಡೇ’ ಎನ್ನಬೇಕು. ‘ಗೆ’ಯ ಜಾಗದಲ್ಲಿ ‘ಹೊತ್ತಿಗೆ’ ಎಂದು ಹಾಕಿ ಅರ್ಥ ಕೆಡದಿದ್ದರೆ ಅದು ಬೈ.

ಮೂರನೆಯದು ಕಚೇರಿಗಳಲ್ಲಿ ಜಗಳ ತರುವಂಥದ್ದು. ‘ಒಂದು ಗಂಟೆಯಲ್ಲಿ ಕಳಿಸ್ತೀನಿ’ ಎಂದು ನಾವು ಹೇಳಿದರೆ ಒಂದು ಗಂಟೆಯೊಳಗೆ ಯಾವಾಗ ಬೇಕಾದರೂ ಎಂದಾಗುತ್ತದೆ. ‘ಐ ವಿಲ್ ಸೆಂಡ್ ಇಟ್ ಇನ್ ಆ್ಯನ್ ಅವರ್’ ಎಂದು ಇಂಗ್ಲಿಷ್ ಮನೆಮಾತಿನವರು ಹೇಳಿದರೆ ಸಾಮಾನ್ಯವಾಗಿ ಈಗಿನಿಂದ ಒಂದು ಗಂಟೆ ಕಳೆದ ಮೇಲೆ ಎಂದರ್ಥ. ಒಳಗೆ ಎಂದೇ ಹೇಳಬೇಕಾದರೆ ವಿದಿನ್ ಎಂಬ ಪದ ಇದೆ, ಅದನ್ನೇ ಬಳಸುವುದು ಕ್ಷೇಮ. ಆನ್ ಟೈಮ್, ಇನ್ ಟೈಮ್ ಎಂಬ ಜೋಡಿಯೂ ಇದೇ ಬಗೆಯದು. ರೈಲು ವೇಳಾಪಟ್ಟಿಯ ಗಳಿಗೆಗೇ ಬಂದರೆ ಆನ್ ಟೈಮ್. ರೈಲು ಹೊರಡುವುದರೊಳಗೆ ನೀವು ಓಡಿಬಂದು ಹತ್ತಿಕೊಂಡರೆ ಇನ್ ಟೈಮ್. ‘ಹೊರಡುವುದರೊಳಗೆ’ ಎಂಬಲ್ಲಿ ಹಳೆಯ ‘ಒಳ್’ ಮತ್ತೆ ಇಣುಕಿದೆ, ನೋಡಿ.

ಜಾಗದ ಮಾತಿಗೆ ಬಂದಾಗ ಕನ್ನಡದ ಕೈ ಬಿಡಬೇಕು. ಇಲ್ಲಿ ನಮ್ಮ ದೇಶದ ಕಲಿಯುವವರಿಗೆ ಇನ್ನೊಂದು ಭಾರವೂ ಇದೆ, ಅದನ್ನು ಮೊದಲು ಇಳಿಸಿಬಿಡುತ್ತೇನೆ. ನಮ್ಮಲ್ಲಿ ತಲೆಮಾರುಗಳು ಓದಿದ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿ ದೇಶಗಳಿಗೂ ದೊಡ್ಡ ಊರುಗಳಿಗೂ ಇನ್, ಸಣ್ಣ ಪಟ್ಟಣ ಹಳ್ಳಿಗಳಿಗೆ ಹೆಚ್ಚಾಗಿ ಆ್ಯಟ್ ಎಂಬ ನಿಯಮ ಇದೆ. ಅದು ಅವರು ಹುಟ್ಟುಹಾಕಿದ್ದಲ್ಲ. 1795ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರಿಯ ಇಂಗ್ಲಿಷ್ ವ್ಯಾಕರಣದಲ್ಲೇ ಇಂಥ ಮಾತಿದೆ. ಹಳ್ಳಿ, ಒಂಟಿ ಮನೆ, ದೂರದೇಶದ ನಗರ ಇವಕ್ಕೆಲ್ಲ ಆ್ಯಟ್ ಎನ್ನುತ್ತಾನೆ ಅವನು. ದೂರದೇಶದ ನಗರವನ್ನು ಸೇರಿಸಿದ್ದರಲ್ಲೇ ಗುಟ್ಟು ಇದೆ. ಅದು ದೊಡ್ಡದೇ ಇರಬಹುದು, ಆದರೆ ನೋಡುವವನಿಗೆ ದೂರದ ಒಂದು ಚುಕ್ಕಿಯಾಗಿ ಕಾಣುತ್ತದೆ. ಅಂದರೆ ಆಗಲೂ ವಿಷಯ ಊರಿನ ಗಾತ್ರದ್ದಲ್ಲ, ನೋಡುವ ಕಣ್ಣಿನದು. ಪಠ್ಯಪುಸ್ತಕ ಗಾತ್ರವನ್ನು ಮಾತ್ರ ಇಟ್ಟುಕೊಂಡು ಕಣ್ಣನ್ನು ಬಿಟ್ಟಿತು. ಇವತ್ತು ‘ಐ ಲಿವ್ ಆ್ಯಟ್ ಬೀರೂರು’ ಎಂದರೆ ಹಳೆಯ ಕಾಲದ ಪತ್ರದಂತೆ ಕೇಳುತ್ತದೆ. ಊರು ಎಷ್ಟೇ ಸಣ್ಣದಿರಲಿ, ನೀವು ಅದರೊಳಗೆ ಬಾಳುತ್ತಿದ್ದರೆ ಇನ್.

ಹಾಗಾದರೆ ಊರಿಗೆ ಆ್ಯಟ್ ಎಂದೂ ಬರುವುದಿಲ್ಲವೇ? ಬರುತ್ತದೆ. ‘ದ ಟ್ರೇನ್ ಸ್ಟಾಪ್ಸ್ ಆ್ಯಟ್ ಅರಸೀಕೆರೆ’ ಎಂಬುದು ಅಚ್ಚುಕಟ್ಟಾದ ಇಂಗ್ಲಿಷ್. ಅರಸೀಕೆರೆಯಲ್ಲಿ ಮನೆ ಮಾಡಿಕೊಂಡವರಿಗೆ ಅದು ಬೀದಿ, ಸಂತೆ, ತೆಂಗಿನ ತೋಟಗಳಿರುವ ಊರು, ಅದರೊಳಗೆ ಅವರಿದ್ದಾರೆ. ರೈಲಿನಲ್ಲಿ ಕೂತವರಿಗೆ ಅದು ಬೆಂಗಳೂರಿನಿಂದ ಶಿವಮೊಗ್ಗದ ಕಡೆಗೆ ಎಳೆದ ಗೆರೆಯ ಮೇಲಿನ ಒಂದು ಗುರುತು. ಒಂದೇ ಊರು, ಒಂದೇ ದಿನ, ಇಬ್ಬರಿಗೆ ಎರಡು ಪದ. ಬೆಂಗಳೂರು ಎಷ್ಟು ದೊಡ್ಡದಾದರೂ ದಾರಿಯಲ್ಲಿ ಇಳಿದು ವಿಮಾನ ಬದಲಿಸುವವರಿಗೆ ಅದೂ ಚುಕ್ಕಿಯಾಗಬಹುದು.

ಆದ್ದರಿಂದ ಜಾಗದ ಮಾತು ಬಂದಾಗ ವಸ್ತು ಏನು ಎಂದು ಕೇಳಬಾರದು, ಅದನ್ನು ನಾನು ಹೇಗೆ ನೋಡುತ್ತಿದ್ದೇನೆ ಎಂದು ಕೇಳಬೇಕು. ನಕ್ಷೆಯ ಮೇಲಿನ ಚುಕ್ಕಿಯಾಗಿಯೋ, ತಗುಲಿಕೊಳ್ಳುವ ಮೈಯಾಗಿಯೋ, ಸುತ್ತ ಆವರಿಸಿರುವ ಒಡಲಾಗಿಯೋ? ಚುಕ್ಕಿಗೆ ಆ್ಯಟ್, ಮೈಗೆ ಆನ್, ಒಡಲಿಗೆ ಇನ್. ನನ್ನ ವಿದ್ಯಾರ್ಥಿನಿಯ ಸಂದೇಶಕ್ಕೆ ವಾಪಸು ಹೋದರೆ, ಟ್ರಾಫಿಕ್ ಸುತ್ತ ಮುತ್ತಿಕೊಂಡಿದೆ, ಒಡಲು. ಸಿಗ್ನಲ್ ದಾರಿಯ ಮೇಲಿನ ಗುರುತು, ಚುಕ್ಕಿ. ಬಸ್ಸಿನ ಕತೆ ಸ್ವಲ್ಪ ಉದ್ದ, ಆಮೇಲೆ ಹೇಳುತ್ತೇನೆ.

ಮೂರರಲ್ಲಿ ಹೆಚ್ಚು ತಪ್ಪಾಗುವುದು ಆನ್ ವಿಷಯದಲ್ಲಿ. ಅದಕ್ಕೆ ನಾವು ‘ಮೇಲೆ’ ಎಂಬ ಅರ್ಥ ಕಲಿಸಿದ್ದೇ ಕಾರಣ ಎನ್ನುವುದು ನನ್ನ ಅಭಿಪ್ರಾಯ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದೆ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಆನ್ ಹಾಕಿದರೆ ಫ್ಯಾನ್ ತಲೆಗೆ ಅಂಟಿಕೊಂಡೇ ತಿರುಗಿದಂತಾಗುತ್ತದೆ. ಅಲ್ಲಿ ಓವರ್ ಅಥವಾ ಅಬವ್ ಬೇಕು. ಸೂರಿನಲ್ಲಿ ಹಲ್ಲಿಯೊಂದು ತಲೆಕೆಳಗಾಗಿ ಹಿಡಿದುಕೊಂಡಿದೆ. ಅದು ಸೂರಿನ ಮೇಲಿಲ್ಲ, ಕೆಳಗಿದೆ. ಆದರೂ ಇಂಗ್ಲಿಷ್ ‘ಆನ್ ದ ಸೀಲಿಂಗ್’ ಎನ್ನುತ್ತದೆ. ಏಕೆಂದರೆ ಆನ್ ಎತ್ತರದ ಮಾತಲ್ಲ, ತಗುಲಿಕೊಂಡಿರುವುದರ ಮಾತು. ಒಂದರ ಮೈ ಇನ್ನೊಂದನ್ನು ತಾಗಿ ಅದರ ಆಸರೆಯಲ್ಲಿ ನಿಂತಿದ್ದರೆ ಆನ್. ಗೋಡೆಯಲ್ಲಿ ತೂಗಿದ ಕ್ಯಾಲೆಂಡರ್, ಬೆರಳಲ್ಲಿರುವ ಉಂಗುರ, ಬಾಗಿಲಿಗೆ ಕಟ್ಟಿದ ತೋರಣ, ಎಲ್ಲವೂ ಆನ್.

ಈ ಒಂದು ತಿದ್ದುಪಡಿ ಮನಸ್ಸಿಗೆ ಇಳಿದರೆ ಹಲವು ಗಂಟುಗಳು ತಾವಾಗಿ ಬಿಚ್ಚುತ್ತವೆ. ಮರದಲ್ಲಿ ಮಾವಿನಹಣ್ಣಿದೆ, ಮರದಲ್ಲಿ ಗಿಳಿಯಿದೆ. ಹಣ್ಣು ತೊಟ್ಟಿನಿಂದ ಮರಕ್ಕೆ ತಗುಲಿಕೊಂಡಿದೆ, ಆನ್ ದ ಟ್ರೀ. ಗಿಳಿ ಎಲೆ ಕೊಂಬೆಗಳ ಒಡಲೊಳಗೆ ಅವಿತಿದೆ, ಇನ್ ದ ಟ್ರೀ. ಊಟಕ್ಕೆ ಕೂತಾಗಲೂ ಇದೇ ಲೆಕ್ಕ. ‘ತಟ್ಟೆಯಲ್ಲಿ ಅನ್ನ’ ಎಂಬುದನ್ನು ನಾವು ‘ರೈಸ್ ಇನ್ ದ ಪ್ಲೇಟ್’ ಎಂದುಬಿಡುತ್ತೇವೆ. ತಟ್ಟೆ ಹೆಸರೇ ಹೇಳುವಂತೆ ತಟ್ಟಿದಂಥ ಚಪ್ಪಟೆ ಮೈ, ಅದು ಅನ್ನವನ್ನು ಹೊರುತ್ತದೆ, ಸುತ್ತುವರಿಯುವುದಿಲ್ಲ. ಆನ್ ದ ಪ್ಲೇಟ್. ಪಕ್ಕದ ಬಟ್ಟಲಿನ ಪಾಯಸ ಇನ್ ದ ಬೌಲ್. ಬಾಳೆಎಲೆಗೂ ಆನ್ ಸರಿ, ಸಾರು ಎಲೆಯಾಚೆ ಓಡುತ್ತಿದ್ದರೆ ಅದಕ್ಕಿಂತ ಬೇರೆ ಸಾಕ್ಷಿ ಏನು ಬೇಕು?

ಆನ್ ಗೆರೆಯನ್ನೂ ಮೈಯೆಂದೇ ಎಣಿಸುತ್ತದೆ. ನದಿ, ಹೆದ್ದಾರಿ, ಗಡಿ, ಕರಾವಳಿ ಇವೆಲ್ಲ ಗೆರೆಗಳು. ಹಂಪಿ ತುಂಗಭದ್ರೆಗೆ ತಾಗಿಕೊಂಡಿದೆ, ಹಾಗಾಗಿ ಆನ್ ದ ತುಂಗಭದ್ರಾ. ಹಂಪಿ ನದಿಯೊಳಗೆ ಮುಳುಗಿದೆ ಎಂದಲ್ಲ, ನದಿಯ ಗೆರೆಗೆ ತಗುಲಿದೆ ಎಂದು. ಚನ್ನಪಟ್ಟಣ ಬೆಂಗಳೂರು ಮೈಸೂರು ರಸ್ತೆಯಲ್ಲಿದೆ ಎನ್ನುವಾಗಲೂ ಇದೇ. ಕಟ್ಟಡದ ಮಹಡಿ ಕಾಲಿಟ್ಟು ನಿಲ್ಲುವ ಮೈ, ಆನ್ ದ ಸೆಕೆಂಡ್ ಫ್ಲೋರ್. ಪುಸ್ತಕದ ಪುಟ ಕಣ್ಣಿಗೆ ಕಾಣುವ ಮೈ, ಆನ್ ಪೇಜ್ ಟ್ವೆಂಟಿ, ಆದರೆ ಅಧ್ಯಾಯಕ್ಕೆ ಒಳಗು ಇದೆ, ಇನ್ ದ ಚಾಪ್ಟರ್. ಬೀದಿಯ ವಿಷಯದಲ್ಲಿ ಅಮೆರಿಕದವರು ಆನ್ ಎಂದರೆ ಬ್ರಿಟನ್ನಿನವರು ಹೆಚ್ಚಾಗಿ ಇನ್ ಎನ್ನುತ್ತಾರೆ. ಒಬ್ಬರಿಗೆ ಬೀದಿ ಗೆರೆ, ಇನ್ನೊಬ್ಬರಿಗೆ ಎರಡು ಸಾಲು ಮನೆಗಳ ನಡುವಿನ ಒಡಲು. ಮನೆ ನಂಬರು ಹೇಳಿದ ಕೂಡಲೇ ಜಗಳ ಮುಗಿಯುತ್ತದೆ. ನಂಬರು ಚುಕ್ಕಿ, ಆ್ಯಟ್.

ಈಗ ಬಸ್ಸು. ಕಾರು ಮತ್ತು ಆಟೊಗೆ ಇನ್, ಬಸ್ಸು ರೈಲು ವಿಮಾನ ಹಡಗಿಗೆ ಆನ್, ಬೈಕು ಸೈಕಲ್ಲು ಕುದುರೆಗೂ ಆನ್. ಕುದುರೆಯ ಮೇಲೆ ಕೂರುತ್ತೇವೆ, ಅದು ಸರಿ. ಬಸ್ಸಿನ ಮೇಲೆ ಕೂರುವುದು ಹಳ್ಳಿಯ ಕಡೆ ಜಾತ್ರೆ ದಿನಗಳಲ್ಲಿ ಮಾತ್ರ ಎಂದು ನನ್ನ ತರಗತಿಯಲ್ಲಿ ಒಬ್ಬ ನಗೆಯೆಬ್ಬಿಸಿದ್ದ. ಇಲ್ಲಿರುವ ಚಿತ್ರ ಹಡಗಿನ ಅಟ್ಟದ್ದು. ಹತ್ತಿ, ನಿಂತು, ನಡೆದಾಡಬಹುದಾದ ನೆಲ ಇದ್ದು ಅದು ನಮ್ಮನ್ನು ಹೊತ್ತೊಯ್ದರೆ ಇಂಗ್ಲಿಷಿಗೆ ಅದು ಆನ್. ಕಾರಿನಲ್ಲಿ ಬಗ್ಗಿ ಒಳಗೆ ತೂರಿಕೊಳ್ಳುತ್ತೇವೆ, ನಿಲ್ಲಲು ಆಗದು, ನಡೆಯುವ ಮಾತು ದೂರ. ಹಾಗಾಗಿ ಇನ್. ದೋಣಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸಣ್ಣ ತೆಪ್ಪದಂಥ ದೋಣಿಯಾದರೆ ಇನ್ ದ ಬೋಟ್, ಅಟ್ಟವಿರುವ ದೊಡ್ಡ ಹಡಗಾದರೆ ಆನ್ ದ ಶಿಪ್. ಹೊಗೇನಕಲ್ಲಿನ ಹರಿಗೋಲಿಗೆ ಇನ್ ಎಂದೇ ಹೇಳಬೇಕು, ಅದು ಬುಟ್ಟಿ.

ಒಂದು ಸಣ್ಣ ಅಂಶ ಇದರಲ್ಲಿ ಉಳಿದಿದೆ. ಆನ್ ದ ಬಸ್ ಎಂದರೆ ಆ ಬಸ್ಸಿನಲ್ಲಿ ಪ್ರಯಾಣ ನಡೆದಿದೆ ಎಂಬ ಅರ್ಥ ಜೊತೆಗೇ ಬರುತ್ತದೆ. ಗ್ಯಾರೇಜಿನ ಹಿಂದೆ ತುಕ್ಕು ಹಿಡಿದು ನಿಂತ ಬಸ್ಸಿನೊಳಗೆ ಮಕ್ಕಳು ಆಡುತ್ತಿದ್ದರೆ ಅದಕ್ಕೆ ಆನ್ ಒಗ್ಗುವುದಿಲ್ಲ, ಇನ್ ದ ಬಸ್ ಎನ್ನಬೇಕು. ಬಸ್ಸು ಆಗ ವಾಹನವಲ್ಲ, ಬರೀ ಡಬ್ಬ. ಹಾಗಾಗಿ ನನ್ನ ವಿದ್ಯಾರ್ಥಿನಿ ಬರೆದ ‘ಇನ್ ಬಸ್’ ಪೂರ್ತಿ ತಪ್ಪು ಎನ್ನಲು ನನಗೂ ಮನಸ್ಸಿಲ್ಲ. ಬಸ್ಸಿನ ಒಳಗೆ ಸೆಕೆ, ಹೊರಗೆ ಮಳೆ ಎಂದು ಹೇಳುವಾಗ ಇನ್ ದ ಬಸ್ ಸರಿಯೇ. ‘ಬರುತ್ತಿದ್ದೇನೆ, ದಾರಿಯಲ್ಲಿದ್ದೇನೆ’ ಎಂಬುದು ಅವಳ ಉದ್ದೇಶವಾಗಿತ್ತು, ಅದಕ್ಕೆ ಆನ್ ಬೇಕಿತ್ತು.

ಕಟ್ಟಡಗಳ ವಿಷಯದಲ್ಲಿ ಆ್ಯಟ್ ಮತ್ತು ಇನ್ ನಡುವಿನ ವ್ಯತ್ಯಾಸವೂ ಇದೇ ಜಾಡಿನದು. ಆ್ಯಟ್ ಎಂದರೆ ಅಲ್ಲಿ ನಡೆಯುವ ಕೆಲಸದ ಸಲುವಾಗಿ ಅಲ್ಲಿದ್ದೀರಿ, ಇನ್ ಎಂದರೆ ಗೋಡೆಗಳ ನಡುವೆ ಇದ್ದೀರಿ. ‘ಆ್ಯಟ್ ದ ಬ್ಯಾಂಕ್’ ಎಂದವರು ಬ್ಯಾಂಕಿನ ಹೊರಗೆ ಎಟಿಎಂ ಮುಂದೆ ಸರದಿಯಲ್ಲೂ ನಿಂತಿರಬಹುದು. ‘ಇನ್ ದ ಬ್ಯಾಂಕ್’ ಎಂದವರು ಒಳಗೇ ಇರಬೇಕು. ಆಸ್ಪತ್ರೆಯ ಮಾತಿಗೆ ಬಂದಾಗ ಎಚ್ಚರ ಬೇಕು. ಅಮ್ಮನಿಗೆ ಊಟ ಕೊಡಲು ಹೋಗಿದ್ದ ಗೆಳೆಯನೊಬ್ಬ ಲಂಡನ್ನಿನ ತನ್ನ ಸಹೋದ್ಯೋಗಿಗೆ ‘ಐ ಆ್ಯಮ್ ಇನ್ ಹಾಸ್ಪಿಟಲ್’ ಎಂದು ಬರೆದ. ಐದು ನಿಮಿಷದಲ್ಲಿ ಅವರು ಗಾಬರಿಯಿಂದ ಫೋನ್ ಮಾಡಿದರು. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ದ’ ಇಲ್ಲದ ಇನ್ ಹಾಸ್ಪಿಟಲ್ ಎಂದರೆ ರೋಗಿಯಾಗಿ ದಾಖಲಾಗಿದ್ದೇನೆ ಎಂದೇ ಅರ್ಥ. ಅವನು ಆ್ಯಟ್ ದ ಹಾಸ್ಪಿಟಲ್ ಎನ್ನಬೇಕಿತ್ತು.

ಕಾಲದ ಪಾಠದಲ್ಲಿ ಒಲಿದ ‘ಗೆ’ ಜಾಗದ ಪಾಠದಲ್ಲಿ ಮೋಸ ಮಾಡುತ್ತದೆ ಎಂಬುದನ್ನೂ ಹೇಳಿಬಿಡಬೇಕು. ‘ಬೆಂಗಳೂರಿಗೆ ತಲುಪಿದೆ’ ಎಂಬಲ್ಲಿನ ‘ಗೆ’ಯನ್ನು ಹಿಡಿದು ‘ರೀಚ್ಡ್ ಟು ಬೆಂಗಳೂರು’ ಎಂದು ಬರೆಯುವವರು ಬಹಳ. ರೀಚ್‌ಗೆ ಯಾವುದೂ ಬೇಡ. ಅರೈವ್ ಎಂದರೆ ಬೇಕು, ಆದರೆ ಟು ಅಲ್ಲ. ಅರೈವ್ ಆಗುವುದು ಚಲನೆ ಮುಗಿದ ಗಳಿಗೆ, ಅಲ್ಲಿಗೆ ಬಂದು ನಿಂತಾಯಿತು. ನಿಂತ ಜಾಗ ಒಡಲಾದರೆ ಇನ್, ಚುಕ್ಕಿಯಾದರೆ ಆ್ಯಟ್. ಅರೈವ್ಡ್ ಇನ್ ಬೆಂಗಳೂರು, ಅರೈವ್ಡ್ ಆ್ಯಟ್ ದ ಸ್ಟೇಷನ್.

ಕೊನೆಗೆ ಒಂದು ಲಗ್ನಪತ್ರಿಕೆಯನ್ನು ಬಿಡಿಸಿ ನೋಡೋಣ. ನಮ್ಮಲ್ಲಿ ಅದರ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ಇರುವುದುಂಟು. ಕನ್ನಡದಲ್ಲಿ ಹೀಗಿದೆ ಎಂದುಕೊಳ್ಳಿ: ‘2024ರ ಜೂನ್ 10ರ ಸೋಮವಾರದಂದು ಬೆಳಿಗ್ಗೆ 10.30ಕ್ಕೆ, ಹಾಸನದ ಕಲ್ಯಾಣಮಂಟಪದಲ್ಲಿ’. ಕನ್ನಡ ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತದೆ. ವರ್ಷ, ತಿಂಗಳು, ತಾರೀಖು ಇವುಗಳನ್ನು ‘ರ’ ಎಂಬ ಷಷ್ಠಿಯಿಂದ ಒಂದಕ್ಕೊಂದು ಪೋಣಿಸಿ, ಕೊನೆಯ ದಿನಕ್ಕೆ ಮಾತ್ರ ‘ಅಂದು’ ಹಚ್ಚುತ್ತದೆ. ಇಂಗ್ಲಿಷೂ ಅಷ್ಟೆ. ಮಂಡೇ, 10 ಜೂನ್ 2024 ಎಂಬುದು ಒಂದೇ ಸರ, ಅದಕ್ಕೆ ಒಂದೇ ಆನ್. ಜೂನ್‌ಗೆ ಬೇರೆ ಇನ್, ವರ್ಷಕ್ಕೆ ಬೇರೆ ಇನ್ ಹಾಕುವ ಅಗತ್ಯವಿಲ್ಲ. ಗಂಟೆಗೆ ‘ಕ್ಕೆ’ ಬಂದಿದೆ, ಆ್ಯಟ್ 10.30. ಇಂಗ್ಲಿಷ್ ಸಾಮಾನ್ಯವಾಗಿ ಸಣ್ಣದರಿಂದ ದೊಡ್ಡದಕ್ಕೆ ಏರುವುದರಿಂದ ಗಂಟೆ ಮೊದಲು, ದಿನ ಆಮೇಲೆ.

ಇನ್ನು ಮಂಟಪ. ಕನ್ನಡ ‘ಅಲ್ಲಿ’ ಎಂದು ಸುಮ್ಮನಾಗಿದೆ, ಆದ್ದರಿಂದ ನಾವೇ ಕೇಳಿಕೊಳ್ಳಬೇಕು. ನೆಂಟರಿಗೆ ಅದು ಮದುವೆ ನಡೆಯುವ ಜಾಗ, ಬಂದು ಸೇರಬೇಕಾದ ಗುರುತು. ಆ್ಯಟ್. ಊಟದ ಹಾಲ್ ನೆಲಮಾಳಿಗೆಯಲ್ಲೋ ಮೊದಲ ಮಹಡಿಯಲ್ಲೋ ಎಂದು ಹೇಳಬೇಕಾಗಿ ಬಂದರೆ ಕಟ್ಟಡಕ್ಕೆ ಒಳಗೂ ಮೈಯೂ ಬರುತ್ತವೆ, ಇನ್ ದ ಬೇಸ್‌ಮೆಂಟ್, ಆನ್ ದ ಫಸ್ಟ್ ಫ್ಲೋರ್. ಹಾಸನಕ್ಕೆ ಇನ್. ಹಳೆಯ ವ್ಯಾಕರಣದ ಪ್ರಭಾವದಿಂದ ಈಗಲೂ ಎಷ್ಟೋ ಪತ್ರಿಕೆಗಳಲ್ಲಿ ಊರಿನ ಹೆಸರಿಗೂ ಆ್ಯಟ್ ಅಚ್ಚಾಗುತ್ತಿದೆ. ಮುಂದಿನ ಲಗ್ನಪತ್ರಿಕೆ ಮನೆಗೆ ಬಂದಾಗ ಎರಡೂ ಬದಿ ಓದಿ. ಗಂಟೆ ತಾರೀಖುಗಳಲ್ಲಿ ತಪ್ಪು ಸಿಗುವುದು ಅಪರೂಪ, ಸಿಕ್ಕರೆ ಊರಿನ ಸಾಲಿನಲ್ಲೇ ಸಿಗುತ್ತದೆ.